ಸತ್ತ ಮೀನು, ಹೋಳಿಗೆ ಮತ್ತು ನಾನು

ಅಂಗಳದಲ್ಲಿ ಚುಕ್ಕಿ ಇಟ್ಟಿದ್ದು ಕಂಡರೆ ಮನಸ್ಸಿನಲ್ಲೇ ಗೆರೆ ಎಳೆದು ರಂಗೋಲಿ ಮಾಡಿಬಿಡುವ ಚಾಳಿ ನಿಮಗೂ ಇದ್ದೀತು. ನಾನು ಅದನ್ನು ಇಪ್ಪತ್ತು ಜನರ ಮೆದುಳಿನ ಮೇಲೆ ಮಾಡಿದೆ, ಅದೂ ಸಂಶೋಧನೆ ಅನ್ನೋ ಹೆಸರಿನಲ್ಲಿ.

ನನ್ನ ಪ್ರಯೋಗ ಸರಳ. ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿದವರಿಗೆ ಒಮ್ಮೆ ತಿಂಡಿಯ ಹೆಸರು ತೋರಿಸುವುದು, ಒಮ್ಮೆ ಪೀಠೋಪಕರಣದ ಹೆಸರು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಒಬ್ಬೊಬ್ಬರಿಗೂ ಒಂದು ವ್ಯತ್ಯಾಸದ ಚಿತ್ರ. ಇಪ್ಪತ್ತು ಚಿತ್ರಗಳನ್ನು ಒಟ್ಟು ಹಾಕಿ ಪ್ರತಿ ವಾಕ್ಸೆಲ್‌ನಲ್ಲೂ, ಅಂದರೆ ಮೆದುಳನ್ನು ಕತ್ತರಿಸಿದ ಸಕ್ಕರೆ ಕಾಳಿನಷ್ಟು ತುಣುಕಿನಲ್ಲೂ, ಒಂದೊಂದು ಟಿ-ಪರೀಕ್ಷೆ. ಹೋಳಿಗೆಗೆ ಮೆದುಳಲ್ಲಿ ಮನೆ ಎಲ್ಲಿದೆ ಅಂತ ಹುಡುಕಿ ಹೆಸರು ಮಾಡುವ ಹಂಬಲ ನನ್ನದು.

ತಂತ್ರಾಂಶ ಕೇಳಿತು: `p value adjustment to control`. ಉತ್ತರಕ್ಕೆ ಎರಡು ಗುಂಡಿ, `FWE` ಮತ್ತು `none`. ಸಂಭಾವಿತನಂತೆ ಮೊದಲನೆಯದನ್ನು ಒತ್ತಿದೆ. ಎದ್ದು ಕಂಡಿದ್ದು ಹಿಂದಲೆಯ ಹತ್ತಿರ ಒಂದೇ ಒಂದು ಪುಟ್ಟ ಚುಕ್ಕಿ. ಎರಡು ವರ್ಷದ ದುಡಿಮೆಗೆ ಒಂದು ಚುಕ್ಕಿಯೇ! `none` ಒತ್ತಿ, ಹೊಸ್ತಿಲು 0.001 ಅಂತ ಕೊಟ್ಟೆ. ದೀಪಾವಳಿ! ಮೆದುಳಿನ ತುಂಬ ಕೆಂಪು, ಹಳದಿ.

ಆಮೇಲೆ ನಡೆದದ್ದು ಕಥಾರಚನೆ. ಇನ್ಸುಲಾದಲ್ಲಿ ಚುಕ್ಕಿಯೇ? ರುಚಿ. ಹಿಪೊಕ್ಯಾಂಪಸ್‌ನಲ್ಲಿ? ಅಜ್ಜಿ ಮನೆಯ ಯುಗಾದಿಯ ನೆನಪು. ಕಿರುಮೆದುಳಿನಲ್ಲಿ? ಹೂರಣ ರುಬ್ಬುವ ಕೈಚಲನೆ! ಆ ರಾತ್ರಿಯೇ ಮನೆಗೆ ಫೋನ್ ಮಾಡಿ, "ಅಮ್ಮಾ, ಹೋಳಿಗೆ ಎಲ್ಲಿರುತ್ತೆ ಅಂತ ಕಂಡುಹಿಡಿದೆ" ಅಂದೆ. "ಹೊಟ್ಟೇಲಿರಬೇಕು ಕಣೋ. ಹೊತ್ತಿಗೆ ಸರಿಯಾಗಿ ತಿಂತಿದ್ದೀಯ ತಾನೆ?" ಅಂದರು.

ಮರುದಿನ ಗಮನಿಸಿದೆ: ಒಂದು ಚುಕ್ಕಿ ಮೆದುಳಿನ ನಡುವಿನ ನೀರಿನ ಕೊಳದಲ್ಲೇ, ವೆಂಟ್ರಿಕಲ್‌ನಲ್ಲಿ, ತೇಲುತ್ತಿತ್ತು. ಅಲ್ಲಿ ನರಕೋಶವೇ ಇಲ್ಲ. ಬಾಯಲ್ಲಿ ನೀರೂರಿದ್ದು ಅಲ್ಲಿಗೆ ಹೋಗಿರಬಹುದೇ ಅಂತಲೂ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಕೊನೆಗೆ ಹತ್ತು ವಾಕ್ಸೆಲ್‌ಗಿಂತ ಚಿಕ್ಕ ಗುಂಪುಗಳನ್ನು ಅಳಿಸು ಅಂದೆ. ಕೊಳದ ಚುಕ್ಕಿ ಮಾಯ, ನನ್ನ ಕಥೆಯ ಚುಕ್ಕಿಗಳೆಲ್ಲ ಕ್ಷೇಮ. ಹತ್ತೇ ಏಕೆ? ಹನ್ನೆರಡು ಅಂದರೆ ಹಿಪೊಕ್ಯಾಂಪಸ್ ಹೋಗುತ್ತಿತ್ತು, ಅದಕ್ಕೇ.

ಇದನ್ನೆಲ್ಲ ಲ್ಯಾಬಿನ ಗೆಳತಿಗೆ ಕೊಚ್ಚಿಕೊಂಡೆ. ಆಕೆ ನಗಲಿಲ್ಲ, ಒಂದು ಕೆಲಸ ಹೇಳಿದಳು. "ಹತ್ತು ಜನರ ಚಿತ್ರವನ್ನು ಮೈನಸ್ ಒಂದರಿಂದ ಗುಣಿಸಿ ಮತ್ತೆ ಪರೀಕ್ಷೆ ಮಾಡು." ಅಂದರೆ ಆ ಹತ್ತು ಜನರ ಪಾಲಿಗೆ ಹೋಳಿಗೆಯೇ ಕುರ್ಚಿ, ಕುರ್ಚಿಯೇ ಹೋಳಿಗೆ. ಇಪ್ಪತ್ತೂ ಸೇರಿದಾಗ ನಿಜವಾದ ಪರಿಣಾಮ ಹೆಚ್ಚುಕಡಿಮೆ ಹೊಡೆದುಹೋಗಬೇಕು. ಮಾಡಿದೆ. ಮತ್ತೆ ದೀಪಾವಳಿ! ಚುಕ್ಕಿಗಳು ಮಾತ್ರ ಬೇರೆ ಬೇರೆ ಕಡೆ. ಅದಕ್ಕಿಂತ ನಾಚಿಕೆಯ ಸಂಗತಿ, ಎರಡೇ ನಿಮಿಷದಲ್ಲಿ ನಾನು ಆ ಹೊಸ ಚುಕ್ಕಿಗಳಿಗೂ ಕಥೆ ಹೊಸೆದಿದ್ದೆ.

ಲೆಕ್ಕ ಹಾಕಿದ್ದರೆ ಮೊದಲೇ ತಿಳಿಯುತ್ತಿತ್ತು. ಎರಡು ಮಿಲಿಮೀಟರಿನ ತುಣುಕುಗಳಾದರೆ ಮೆದುಳಲ್ಲಿ ಸುಮಾರು 2,00,000 ವಾಕ್ಸೆಲ್. 0.001 ಅಂದರೆ ಸಾವಿರಕ್ಕೊಂದು ಸುಳ್ಳು ಗಂಟೆ. ಏನೂ ಇಲ್ಲದಿದ್ದರೂ ಸರಾಸರಿ 200 ಕಡೆ ಬಾರಿಸುತ್ತದೆ. ಮೊದಲೇ ಗುರುತಿಟ್ಟ ಒಂದೇ ಜಾಗ ನೋಡುವವನಿಗೆ ಆ ಹೊಸ್ತಿಲು ಸಾಕು. ಊರೆಲ್ಲ ಅಲೆಯುವವನಿಗೆ ಸಾಲದು. ಮೇಲಾಗಿ ಚಿತ್ರವನ್ನು ನಾವೇ ಮಸುಕುಗೊಳಿಸಿರುತ್ತೇವಲ್ಲ, ಅಕ್ಕಪಕ್ಕದ ವಾಕ್ಸೆಲ್‌ಗಳು ಒಂದರಂತೆ ಇನ್ನೊಂದು ಕುಣಿಯುತ್ತವೆ. ಹಾಗಾಗಿ ಸುಳ್ಳುಗಳೂ ಒಂಟಿಯಾಗಿ ಬರುವುದಿಲ್ಲ, ಮದುವೆ ದಿಬ್ಬಣದಂತೆ ಗುಂಪಾಗಿ ಬರುತ್ತವೆ. ನನ್ನ ಹತ್ತರ ಜರಡಿಗೆ ಅವು ಸಿಗುವುದು ಹೇಗೆ?

ಇದನ್ನು ನಾನೇ ಜೂನಿಯರ್‌ಗಳಿಗೆ ನಗುನಗುತ್ತಾ ಪಾಠ ಮಾಡಿದ್ದೆ! 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು, ಮನುಷ್ಯರ ಫೋಟೋ ತೋರಿಸಿ, ಅವರ ಭಾವನೆ ಏನೆಂದು ಕೇಳಿದ್ದರು. ತಿದ್ದುಪಡಿಯಿಲ್ಲದೆ ನೋಡಿದಾಗ 8064 ವಾಕ್ಸೆಲ್‌ಗಳಲ್ಲಿ 16 ಬೆಳಗಿದವು; ತಿದ್ದಿದಾಗ ಒಂದೂ ಇಲ್ಲ. 2012ರಲ್ಲಿ ಅದಕ್ಕೆ ಇಗ್ ನೊಬೆಲ್ ಬಂತು. ಆ ಮೀನು ಕೊನೆಯಪಕ್ಷ ಅಮ್ಮನಿಗೆ ಫೋನ್ ಮಾಡಿರಲಿಲ್ಲ.

ಗೆಳತಿ ಹೇಳಿದಂತೆ ಚಿಹ್ನೆಗಳನ್ನು ಮನಬಂದಂತೆ ತಿರುಗಿಸಿ 5000 ಬಾರಿ ಪರೀಕ್ಷೆ ಓಡಿಸಿ, ಪ್ರತಿ ಬಾರಿ ಇಡೀ ಮೆದುಳಿನ ಅತಿ ದೊಡ್ಡ ಟಿ ಮೌಲ್ಯವೊಂದನ್ನೇ ಬರೆದಿಟ್ಟೆ. ಅವುಗಳಲ್ಲಿ ಶೇಕಡ 95ನ್ನು ಮೀರಿಸುವ ಮೌಲ್ಯವೇ ಹೊಸ ಹೊಸ್ತಿಲು. ನನ್ನ ಹಳೆಯ ಹೊಸ್ತಿಲು 3.58, ಹೊಸದು ಅದರ ಇಮ್ಮಡಿಯ ಹತ್ತಿರ. ಇನ್ಸುಲಾ ಹೋಯಿತು, ಅಜ್ಜಿ ಮನೆ ಹೋಯಿತು, ಹೂರಣವೂ ಹೋಯಿತು. ಅಲ್ಲೇನೂ ಇಲ್ಲವೆಂದು ಇದರಿಂದ ಸಾಬೀತಾಗಲಿಲ್ಲ, ಇಪ್ಪತ್ತು ಜನ ಸಾಲದೆಯೂ ಇರಬಹುದು. ಇದೆ ಅನ್ನುವ ಹಕ್ಕು ಮಾತ್ರ ನನಗಿಲ್ಲ.

ಹಿಂದಲೆಯ ಆ ಒಂಟಿ ಚುಕ್ಕಿ ಮಾತ್ರ ಜಗ್ಗಲಿಲ್ಲ. ಅದನ್ನಪ್ಪಿಕೊಂಡು ಕುಣಿಯುವವನಿದ್ದೆ. ಗೆಳತಿ ನನ್ನ ಪದಪಟ್ಟಿ ಕೇಳಿದಳು, ಓದಿದಳು, ಈ ಸಲ ನಕ್ಕಳು. ಚುಕ್ಕಿ ಇದ್ದದ್ದು ಕಣ್ಣಿಗೆ ಕಂಡದ್ದನ್ನು ನೋಡಿಕೊಳ್ಳುವ ಭಾಗದಲ್ಲಿ. ನನ್ನ ಪಟ್ಟಿಯಲ್ಲಿ ಒಂದು ಕಡೆ "ತೊಗರಿಬೇಳೆ ಹೋಳಿಗೆ", "ಧಾರವಾಡ ಪೇಡಾ". ಇನ್ನೊಂದು ಕಡೆ "ಮೇಜು", "ಕುರ್ಚಿ". ಮೊದಲ ಪಟ್ಟಿಯ ಹೆಸರುಗಳು ಪರದೆಯ ಮೇಲೆ ಎರಡರಷ್ಟು ಉದ್ದವಿದ್ದವು.