ಯಾರ ಹೆಸರು ಯಾರ ಮುಖಕ್ಕೆ?

ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ಪೋಸ್ಟರ್ ಕೆಲಸ ಅಕ್ಟೋಬರ್ 31ರ ರಾತ್ರಿ, ಊಟವಾದ ಮೇಲೆಯೇ ಶುರುವಾಗಬೇಕು ಎಂದು ಯಾವುದೋ ಬೈಲಾದಲ್ಲಿ ಬರೆದಿರಬೇಕು. "ಸಾರ್, ಸಿಂಪಲ್ಲಾಗಿ ಒಂದು ಮಾಡ್ಬಿಡಿ, ಕ್ಯಾನ್ವಾದಲ್ಲಿ ಹತ್ತು ನಿಮಿಷದ ಕೆಲ್ಸ" ಎಂದು ಕಾರ್ಯದರ್ಶಿಗಳು ಫೋನಿಡುತ್ತಾರೆ. ಆಮೇಲೆ ಆ ಸಿಂಪಲ್ಲು ವಾಟ್ಸಾಪಿನಲ್ಲಿ ಕಂತುಕಂತಾಗಿ ಬರುತ್ತದೆ: ತಾಯಿ ಭುವನೇಶ್ವರಿಯ ಚಿತ್ರ, ಧ್ವಜಾರೋಹಣದ ಹೊತ್ತು, ತಿಂಡಿಯ ವಿವರ, ಕೊನೆಗೆ ಎಂಟು ಜನ ಪದಾಧಿಕಾರಿಗಳ ಫೋಟೋ. ಭುವನೇಶ್ವರಿ ಒಂದಿಷ್ಟು ಚಿಕ್ಕದಾದರೂ ತಾಯಿ, ಕ್ಷಮಿಸುತ್ತಾಳೆ. ಖಜಾಂಚಿಯವರ ಮುಖ ಚಿಕ್ಕದಾದರೆ ಮುಂದಿನ ಜನರಲ್ ಬಾಡಿಯಲ್ಲಿ ನಿಮ್ಮ ಕಥೆ ಮುಗಿಯಿತು.

ಇಂಥ ಹೊತ್ತಿನಲ್ಲಿ ನೀವೇನು ಮಾಡುತ್ತೀರಿ, ಹೇಳಲೇ? ಮುಕ್ಕಾಲು ಗಂಟೆ ಫಾಂಟ್ ಹುಡುಕುತ್ತೀರಿ. ಹಳದಿ ಇನ್ನಷ್ಟು ಹಳದಿಯಾಗಬೇಕೇ ಎಂದು ಮನೆಯವರನ್ನು ಎಬ್ಬಿಸಿ ಕೇಳುತ್ತೀರಿ. ಅಷ್ಟಾದರೂ ಪೋಸ್ಟರ್ ನೋಡಿದವರು "ಮನೇಲೇ ಮಾಡಿದ್ರಾ?" ಅನ್ನುತ್ತಾರೆ. ಅವರ ಕಣ್ಣಿಗೆ ಚುಚ್ಚಿದ್ದು ಫಾಂಟೂ ಅಲ್ಲ, ಬಣ್ಣವೂ ಅಲ್ಲ. ಒಂದು ಕಡೆ ಇಪ್ಪತ್ತು ಪಿಕ್ಸೆಲ್, ಪಕ್ಕದಲ್ಲೇ ಮೂವತ್ತೇಳು, ಕೆಳಗೆ ಹನ್ನೊಂದು ಎಂದು ಸಿಕ್ಕಸಿಕ್ಕಲ್ಲಿ ಬಿಟ್ಟ ಖಾಲಿ ಜಾಗ.

"ಅಯ್ಯೋ, ಅದಕ್ಕೆ ಕ್ಯಾನ್ವಾದಲ್ಲೇ ಬಟನ್ ಇದೆಯಲ್ಲ!" ಎನ್ನುವ ಜಾಣರು ನೀವು. ಇದೆ. ಒಂದರ ಕೆಳಗೊಂದು ಇರುವುದನ್ನೆಲ್ಲ ಒಟ್ಟಿಗೆ ಆಯ್ದುಕೊಂಡು Position ಒತ್ತಿ, Arrange ಒಳಗೆ Space evenly ಎಂದರೆ ಮೊದಲ ವಸ್ತು ಮತ್ತು ಕೊನೆಯ ವಸ್ತು ಇದ್ದಲ್ಲೇ ಕೂರುತ್ತವೆ, ನಡುವಿನವು ಜರುಗಿ ಎಲ್ಲ ಸಂದುಗಳೂ ಸಮವಾಗುತ್ತವೆ. ಆಹಾ ಎಂದು ಕುರ್ಚಿಗೊರಗಿ ಈಗ ಪೋಸ್ಟರ್ ನೋಡಿ. ಅಧ್ಯಕ್ಷರ ಫೋಟೋ, ಕೆಳಗೆ ಅವರ ಹೆಸರು, ಅದರ ಕೆಳಗೆ ಎರಡನೇ ಸಾಲಿನ ಖಜಾಂಚಿಯವರ ಫೋಟೋ. ಮೂರರ ನಡುವೆಯೂ ಅಂತರ ಒಂದೇ. ಹಾಗಾದರೆ ಆ ಹೆಸರು ಮೇಲಿನ ಮುಖದ್ದೋ, ಕೆಳಗಿನ ಮುಖದ್ದೋ? ಬೆಳಗ್ಗೆ ಇಡೀ ಬಿ ಬ್ಲಾಕ್ ಖಜಾಂಚಿಯವರಿಗೆ "ಅಧ್ಯಕ್ಷರಾದ್ರಂತೆ, ಕಂಗ್ರಾಟ್ಸ್" ಎಂದು ಮೆಸೇಜ್ ಹಾಕಿರುತ್ತದೆ.

ಎಲ್ಲೆಡೆ ಸಮ ಮಾಡುವುದರ ಫಜೀತಿಯೇ ಇದು. ಹತ್ತಿರ ಇರುವುದು ತನ್ನದು, ದೂರ ಇರುವುದು ಬೇರೆಯದು ಎಂದು ಕಣ್ಣು ಓದುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಯಾರು ಯಾರ ಕಡೆಯವರೆಂದು ಕೂತ ರೀತಿಯಲ್ಲೇ ತಿಳಿಯುವ ಹಾಗೆ. ಆದ್ದರಿಂದ ಬೇಕಾದದ್ದು ಒಂದೇ ಅಂತರವಲ್ಲ, ಬೇಕೆಂದೇ ಬೇರೆಬೇರೆಯಾಗಿಟ್ಟ ಕೆಲವೇ ಅಂತರಗಳು. ವಿನ್ಯಾಸಕಾರರು ಇದನ್ನು ಸ್ಪೇಸಿಂಗ್ ಸ್ಕೇಲ್ ಎನ್ನುತ್ತಾರೆ. ಅವಸರದ ಪೋಸ್ಟರಿಗೆ ಮೂರು ಸಂಖ್ಯೆ ಧಾರಾಳ: 16, 32, 64. ಫೋಟೋ ಮತ್ತು ಅದರ ಹೆಸರಿನ ನಡುವೆ 16. ಒಬ್ಬರಿಗೂ ಪಕ್ಕದವರಿಗೂ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ 32. ಪದಾಧಿಕಾರಿಗಳ ಗುಂಪಿಗೂ ತಿಂಡಿಯ ವಿವರಕ್ಕೂ 64, ಸುತ್ತಲ ಅಂಚಿಗೂ 64. ಒಂದೊಂದೂ ಹಿಂದಿನದರ ಇಮ್ಮಡಿ, ಆದ್ದರಿಂದ ವ್ಯತ್ಯಾಸ ಎದ್ದು ಕಾಣುತ್ತದೆ. 16, 20, 24 ಎಂದು ಇಟ್ಟಿರೋ, ನಿಮ್ಮ ಲೆಕ್ಕ ನಿಮಗೊಬ್ಬರಿಗೇ ಗೊತ್ತು, ನೋಡುವವರಿಗೆ ಎಲ್ಲವೂ ಕೈತಪ್ಪಿದಂತೆ ಕಾಣುತ್ತದೆ.

ಈಗ ಎಂಟು ಮುಖಗಳನ್ನು ಕೂರಿಸೋಣ. ಪುಟ 1080 ಅಗಲ, 1350 ಎತ್ತರ ಎಂದಿಟ್ಟುಕೊಳ್ಳಿ. ಎರಡು ಬದಿಯ ಅಂಚು 64ರಂತೆ ಕಳೆದರೆ ಉಳಿಯುವುದು 952. ಸಾಲಿಗೆ ನಾಲ್ವರಾದರೆ ನಡುವೆ ಮೂರು ಸಂದು, 32ರಂತೆ 96. ಉಳಿದ 856ನ್ನು ನಾಲ್ಕಕ್ಕೆ ಹಂಚಿದರೆ ತಲೆಗೆ 214, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಮೇಂಟೆನೆನ್ಸ್ ಲೆಕ್ಕ ಎಂದಾದರೂ ಇಷ್ಟು ಸರಿಯಾಗಿ ಬಂದದ್ದುಂಟೇ? ಅದೇ Position ಒಳಗೆ ಕೆಳಗಡೆ Advanced ಎಂಬ ಭಾಗವಿದೆ. ಅಲ್ಲಿ Width ಜಾಗದಲ್ಲಿ 214 ಎಂದು ಬರೆಯಿರಿ, X ಜಾಗದಲ್ಲಿ ಕ್ರಮವಾಗಿ 64, 310, 556, 802. ಕೊನೆಯವರ ಬಲ ಅಂಚು 1016ಕ್ಕೆ ಬಂದು ನಿಲ್ಲುತ್ತದೆ, ಅಲ್ಲಿಂದ ಪುಟದ ತುದಿಗೆ ಸರಿಯಾಗಿ 64. ಇಷ್ಟು ಅಂಕಿ ಬರೆಯಲು ಬೇಸರವಾದರೆ ಮೊದಲನೆಯವರನ್ನೂ ಕೊನೆಯವರನ್ನೂ ಅಂಚಿಗೆ ಕೂರಿಸಿ, ನಾಲ್ವರನ್ನೇ ಆಯ್ದು Space evenly ಒತ್ತಿ. ಆ ಬಟನ್ನಿಗೆ ಮರ್ಯಾದೆ ಇರುವುದು ಇಲ್ಲಿ, ಒಂದೇ ಜಾತಿಯ ವಸ್ತುಗಳ ಒಂದೇ ಸಾಲಿನಲ್ಲಿ.

ಇಲ್ಲೊಂದು ಕಿಡಿಗೇಡಿತನ ಇದೆ. ಫೋಟೋ ಮತ್ತು ಹೆಸರನ್ನು ಗುಂಪು ಮಾಡಿ ಆಮೇಲೆ ಹಂಚಿದರೆ, ಮುಂದೆ ಮೂರು ಇನಿಷಿಯಲ್, ಹಿಂದೆ ಊರು ಮತ್ತು ಪದವಿ ಹೊತ್ತ ಜಂಟಿ ಕಾರ್ಯದರ್ಶಿಗಳ ಹೆಸರು ಫೋಟೋಗಿಂತ ಅಗಲವಾಗಿರುತ್ತದೆ. ಕ್ಯಾನ್ವಾ ಅಳೆಯುವುದು ಇಡೀ ಗುಂಪಿನ ಅಗಲವನ್ನು. ಗುಂಪುಗಳ ನಡುವಿನ ಸಂದು ಸಮವೇ, ಮುಖಗಳ ನಡುವಿನದು ಮಾತ್ರ ಅಡ್ಡಾದಿಡ್ಡಿ. ಹೆಸರಿನ ಚೌಕವನ್ನೂ 214 ಅಗಲಕ್ಕೇ ಕಟ್ಟಿಹಾಕಿ, ಅಕ್ಷರ ಅದರೊಳಗೆ ನಡುವಿಗೆ ಬರಲಿ, ಉದ್ದದ ಹೆಸರು ಎರಡು ಸಾಲಿಗೆ ಇಳಿಯಲಿ. ಇಳಿದದ್ದಕ್ಕೆ ಸಿಟ್ಟಾದರೆ ಇನಿಷಿಯಲ್ ಬಿಡಿ ಎನ್ನಿ. ಬಿಡುವುದಿಲ್ಲ, ಅದು ಬೇರೆ ಮಾತು. ಕೆಳಗಿನ ಸಾಲು ಅಷ್ಟು ಕೆಳಗೆ ಹೋಗಲಿ, ಆದರೆ ನಾಲ್ವರೂ ಒಟ್ಟಿಗೆ ಹೋಗಲಿ.

ಚೌಕವೆಂದೆನಲ್ಲ, ಅರ್ಧಕ್ಕರ್ಧ ತೊಂದರೆ ಆ ಕಾಣದ ಚೌಕದ್ದೇ. ಕ್ಯಾನ್ವಾ ಜೋಡಿಸುವುದು ಅಕ್ಷರಗಳನ್ನಲ್ಲ, ಅಕ್ಷರ ಕೂತ ಚೌಕವನ್ನು. ತಲೆಬರಹವನ್ನೂ ವಿಳಾಸವನ್ನೂ ಆಯ್ದು Left ಒತ್ತಿದಿರಿ, ಗೆರೆ ಹೊಡೆದಂತೆ ನಿಂತವು. ಆದರೆ ವಿಳಾಸದ ಅಕ್ಷರಗಳು ಚೌಕದೊಳಗೆ ನಡುವಿಗೆ ಹೊಂದಿಕೊಂಡಿದ್ದರೆ ಕಣ್ಣಿಗೆ ಅದು ಬಲಕ್ಕೆ ಸರಿದಂತೆಯೇ ಕಾಣುತ್ತದೆ. "ಬಟನ್ ಕೆಲ್ಸ ಮಾಡ್ತಿಲ್ಲ" ಎಂದು ಇನ್ನೂ ನಾಲ್ಕು ಸಲ ಒತ್ತುತ್ತೀರಿ. ಪಾಪದ ಬಟನ್ನು! ಚೌಕವನ್ನು ಎಡಕ್ಕೆ ತಂದಿದ್ದರೆ ಒಳಗಿನ ಅಕ್ಷರವನ್ನೂ ಎಡಕ್ಕೆ ತರಬೇಕು.

ಮೇಲೆ ಕೆಳಗೆ ಅಳೆಯುವಾಗ ನಮ್ಮ ಕನ್ನಡದ್ದೇ ಒಂದು ತಕರಾರು. 'ರಾಜ್ಯೋತ್ಸವ' ಎಂದೊಮ್ಮೆ ಬರೆದು ನೋಡಿ, ಯ ಮತ್ತು ಸ ಒತ್ತುಗಳು ಕೆಳಗೆ ಕಾಲು ಚಾಚಿಕೊಂಡಿರುತ್ತವೆ. 'ನಾಡು' ಎಂದು ಬರೆದರೆ ಒತ್ತಿನ ತಂಟೆಯೇ ಇಲ್ಲ. ಎರಡೂ ಪದದ ಚೌಕದ ಎತ್ತರ ಒಂದೇ, ಕಾಣುವ ಖಾಲಿ ಜಾಗ ಬೇರೆ. ಇಂಗ್ಲಿಷಿಗೆ ಹೊಂದಿಸಿದ ಟೆಂಪ್ಲೇಟಿನಲ್ಲಿ ಕನ್ನಡ ತುಂಬಿದ ಕೂಡಲೇ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಢಿಕ್ಕಿ ಹೊಡೆಯುವುದೂ ಇದಕ್ಕೇ. ಮೊದಲು ಸಾಲಿನ ಅಂತರ ಹಿಗ್ಗಿಸಿ. ಆಮೇಲೆ ಅಂಕಿಯ ಮೇಲೆ ಪೂರ್ತಿ ನಂಬಿಕೆ ಇಡದೆ, 16ಕ್ಕೆ 16ರ ಒಂದು ಕೆಂಪು ಚೌಕ ಮಾಡಿಕೊಳ್ಳಿ, 32ರದ್ದೂ ಒಂದು, 64ರದ್ದೂ ಒಂದು. ಫೋಟೋದ ಅಂಚಿಗೂ ಕಾಣುವ ಅಕ್ಷರದ ತಲೆಗೂ ನಡುವೆ ಚಿಕ್ಕ ಚೌಕವನ್ನು ತುರುಕಿ, ಬಾಣದ ಕೀಲಿಯಿಂದ ಹೆಸರನ್ನು ಅದಕ್ಕೆ ಮುಟ್ಟಿಸಿ. ಒಮ್ಮೆ ಒತ್ತಿದರೆ ಒಂದು ಪಿಕ್ಸೆಲ್, ಶಿಫ್ಟ್ ಹಿಡಿದು ಒತ್ತಿದರೆ ಹತ್ತು. ಕೆಲಸ ಮುಗಿದ ಮೇಲೆ ಚೌಕಗಳನ್ನು ಅಳಿಸಿ. ಉಳಿದುಬಿಟ್ಟರೆ ಕೆಂಪು ಯಾವ ಪಕ್ಷದ್ದು ಎಂಬ ಚರ್ಚೆ ಗ್ರೂಪಿನಲ್ಲಿ ಮೂರು ದಿನ ನಡೆಯುತ್ತದೆ.

ಸರಿಯಾಯಿತೋ ಇಲ್ಲವೋ ನೋಡಲು ಪುಟವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ. ಅಕ್ಷರ ಓದಲಾಗದಿದ್ದರೂ ತಲೆಬರಹ, ಎಂಟು ಮುಖ, ತಿಂಡಿ ಎಂದು ಮೂರು ಗುಡ್ಡೆ ಬೇರೆಯಾಗಿ ಕಾಣಬೇಕು. ಐದು ಕಂಡರೆ ಎಲ್ಲೋ 32 ಇರಬೇಕಾದಲ್ಲಿ 64 ನುಸುಳಿದೆ.

ಇಷ್ಟಾಗಿ ನೀವು ಡೌನ್‌ಲೋಡ್ ಒತ್ತುವ ಹೊತ್ತಿಗೆ ಸರಿಯಾಗಿ ಫೋನ್: "ಸಾರ್, ಸಾಂಸ್ಕೃತಿಕ ಕಾರ್ಯದರ್ಶೀದು ಬಿಟ್ಟೋಗಿದೆ, ಒಂದೇ ಒಂದು ಫೋಟೋ, ಎಲ್ಲಾದ್ರೂ ಸೇರಿಸ್ಬಿಡಿ." ಎಲ್ಲಾದರೂ ಸೇರಿಸಬೇಡಿ. ಮೇಲೆ ಐವರು, ಕೆಳಗೆ ನಾಲ್ವರು. ಒಂಬತ್ತು ಜನರನ್ನೂ 164 ಅಗಲಕ್ಕೆ ಇಳಿಸಿ, ಮೇಲಿನ ಸಾಲಿನ ತುದಿಯವರಿಬ್ಬರನ್ನು ಅಂಚಿಗೆ ಕೂರಿಸಿ ಹಂಚಿದರೆ ಸಂದು 33 ಬರುತ್ತದೆ. 32ರ ಬದಲು 33, ಯಾರ ಅಪ್ಪನಿಗೂ ಗೊತ್ತಾಗುವುದಿಲ್ಲ. ಕೆಳಗಿನ ನಾಲ್ವರಿಗೂ ಅದೇ 33 ಕೊಟ್ಟು, ಗುಂಪು ಮಾಡಿ, Center ಒತ್ತಿ. ಒಬ್ಬೊಬ್ಬರ ಮುಖವೂ 50 ಪಿಕ್ಸೆಲ್ ಕಿರಿದಾಗಿದೆ ಎಂದು ಖಜಾಂಚಿಯವರು ಕೇಳಿದರೆ, ಎಲ್ಲರಿಗೂ ಸಮನಾಗಿ ಕಡಿತ ಮಾಡಲಾಗಿದೆ ಎನ್ನಿ. ಆ ಭಾಷೆ ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ.