ಟಾಪ್-ಅಪ್ ಟೋಪಿ

‘ಆರೋಗ್ಯ ವಿಮೆ ಪ್ರೀಮಿಯಂಗೇ ಬಿಪಿ ಬಂದಿದೆ ಸೀನ, ಏರ್ತಾನೇ ಇದೆ’ ಎಂದರು ರಾಯರು.

‘ಪೋರ್ಟ್ ಮಾಡಿ ಸಾರ್. ರಿನ್ಯೂವಲ್‌ಗೆ 45 ದಿನ ಮೊದಲೇ ಅರ್ಜಿ ಹಾಕಿದ್ರೆ ಆಯ್ತು. ಹಳೇ ಕಂಪನೀಲಿ ಕಾದ ವರ್ಷಗಳು ಹೊಸದರಲ್ಲೂ ಲೆಕ್ಕಕ್ಕೆ ಬರ್ತವೆ’ ಎಂದ ಏಜೆಂಟ್ ಸೀನ.

‘ನನ್ನ ಶುಗರ್?’

‘ಅದನ್ನೂ ಬರೀಬೇಕು. ನೋಡಿ ಬೇಡ ಅನ್ನೋ ಹಕ್ಕು ಹೊಸ ಕಂಪನಿಯವರಿಗಿದೆ.’

‘ಹೆಣ್ಣು ನೋಡೋ ಶಾಸ್ತ್ರ ಅನ್ನು!’ ಕಾಫಿ ತಂದ ಪದ್ದಮ್ಮ ನಕ್ಕರು.

‘ಅವರು ಒಪ್ಪೋವರೆಗೂ ಹಳೇದನ್ನ ಬಿಡಬೇಡಿ ಅಮ್ಮಾ. ಜೊತೆಗೆ 5 ಲಕ್ಷದ ಪಾಲಿಸಿ ಮೇಲೊಂದು ಟಾಪ್-ಅಪ್ ಹಾಕಿ. ತುಂಬಾ ಅಗ್ಗ!’

‘ಯಾಕಪ್ಪಾ ಅಗ್ಗ?’

‘ಬಿಲ್ 5 ಲಕ್ಷ ದಾಟಿದ ಮೇಲಷ್ಟೇ ಅದಕ್ಕೆ ಕೆಲಸ.’

‘ಜೂನಲ್ಲಿ ಇವರಿಗೆ 4 ಲಕ್ಷ, ಡಿಸೆಂಬರಲ್ಲಿ ನನಗೆ 4 ಲಕ್ಷ ಆದ್ರೆ?’

‘ಪಾಲಿಸಿ 5 ಕೊಡುತ್ತೆ, ಉಳಿದ 3 ನೀವೇ.’

‘ಟಾಪ್-ಅಪ್ಪು?’

‘ಯಾವ ಬಿಲ್ಲೂ 5 ಲಕ್ಷ ದಾಟಿಲ್ವಲ್ಲಮ್ಮಾ!’

‘ಹಂಗಾದ್ರೆ ಇಬ್ರೂ ಒಂದೇ ಮಂಚದಲ್ಲಿ ಮಲಗಿ ಒಂದೇ ಬಿಲ್ ಮಾಡಿಸ್ಬೇಕಾ?’

‘ಬೇಡ, ಸೂಪರ್ ಟಾಪ್-ಅಪ್ ಇದೆಯಲ್ಲ! ಫ್ಯಾಮಿಲಿಗೆಲ್ಲ ಸೇರಿಸಿ ತಗೊಂಡ್ರೆ ವರ್ಷದ ಬಿಲ್‌ಗಳನ್ನ ಕೂಡಿ ನೋಡುತ್ತೆ. ಆ 3 ಲಕ್ಷ ಅದೇ ಕೊಡುತ್ತೆ.’

‘ಮೊದಲೇ ಹೇಳ್ಬಾರದಿತ್ತಾ?’

‘ನಾನು ಅಗ್ಗ ಅಂದ ತಕ್ಷಣ ನೀವು ಪೆನ್ ತೆಗೆದ್ರಿ...’

ರಾಯರು ಪೆನ್ ಮುಚ್ಚಿದರು. ‘ಟೋಪಿ ಹಾಕೋರು ತಲೆ ಅಳತೆ ಕೇಳಲ್ಲ ಪದ್ದು. 5 ಲಕ್ಷದ ಗೆರೆ ಬಿಲ್ಲಿಗೋ ವರ್ಷಕ್ಕೋ ಅಂತ ಸಹಿಗೆ ಮುಂಚೆ ನಾವೇ ಕೇಳ್ಬೇಕು!’