ಶುಗರ್‌ಲೆಸ್ ಮಾವ

ಮದುವೆ ಮನೆಯಲ್ಲಿ ಕಾಫಿ ತಟ್ಟೆ ಹಿಡಿದ ಹುಡುಗ ಇನ್ನೂ ಬಾಗಿಲ ಹತ್ತಿರ ಇರುವಾಗಲೇ "ನಂಗೆ ಶುಗರ್‌ಲೆಸ್ಸಪ್ಪಾ!" ಎಂದು ಛತ್ರಕ್ಕೆಲ್ಲ ಕೇಳುವಂತೆ ಕೂಗುವವರು ಒಬ್ಬರಾದರೂ ಇರುತ್ತಾರೆ. ನಮ್ಮ ಬಳಗದಲ್ಲಿ ಆ ಪೀಠ ನನ್ನ ಮಾವನವರದು. ಕಾಫಿಗೆ ಸಕ್ಕರೆ ಬಿಟ್ಟ ದಿನದಿಂದ ಅವರು ತಮ್ಮನ್ನು ಅರ್ಧ ಸಂನ್ಯಾಸಿ ಎಂದೇ ಭಾವಿಸಿದ್ದಾರೆ. ಹಾಗೆ ಬಿಟ್ಟ ಒಂದು ಚಮಚದ ಪುಣ್ಯವನ್ನು ದಿನವಿಡೀ ಬಿಡಿಸಿಕೊಂಡು ಖರ್ಚು ಮಾಡುತ್ತಾರೆ.

ಅವರದೇ ಒಂದು ಧರ್ಮಶಾಸ್ತ್ರವಿದೆ. ಬೆಲ್ಲ ನಾಟಿ ಪದಾರ್ಥ, ಆದ್ದರಿಂದ ದೋಷವಿಲ್ಲ. ಜೇನುತುಪ್ಪ ಔಷಧಿ. ಕೋಡುಬಳೆ ಖಾರ ತಾನೇ, ಅದಕ್ಕೂ ಶುಗರಿಗೂ ಏನು ಸಂಬಂಧ? ಪ್ರಸಾದವನ್ನು ಬೇಡ ಎನ್ನಬಾರದು. ಇನ್ನು ರಾಗಿಮುದ್ದೆಯಂತೂ ಶುಗರಿನವರಿಗೆಂದೇ ದೇವರು ಸೃಷ್ಟಿಸಿದ್ದು, ಎಷ್ಟು ತಿಂದರೂ ನಡೆಯುತ್ತದೆ. ಹಾಸನದ ಕಡೆಯವರ ಮನೆಯಲ್ಲಿ ಮುದ್ದೆಯ ಮೇಲೆ ಮಾತಾಡಿದವರು ಬಾಳುವುದುಂಟೆ? ನಾನೂ ಮೊದಮೊದಲು ಸುಮ್ಮನಿದ್ದೆ.

ಅತ್ತೆ ಮಾತ್ರ ಸುಮ್ಮನಿರಲಿಲ್ಲ. ಒಂದೇ ಒಲೆಕಟ್ಟೆಯಲ್ಲಿ ಎರಡು ಅಡುಗೆಮನೆ ನಡೆಸಿದರು. ಮಾವನಿಗೆ ಒಣ ಚಪಾತಿ, ಉಪ್ಪಿಲ್ಲದ ಪಲ್ಯ, ಬೆಳಗಾಗೆದ್ದರೆ ಹಾಗಲಕಾಯಿ ರಸ. ಮಿಕ್ಕವರಿಗೆ ಮಾಮೂಲಿ ಅಡುಗೆ. ಒಂದೇ ತಿಂಗಳಲ್ಲಿ ಅತ್ತೆಗೆ ಸೊಂಟನೋವು ಬಂತು, ಮಕ್ಕಳಿಗೆ ತಾತನ ಮೇಲೆ ಕನಿಕರ ಬಂತು, ಮಾವನಿಗೆ ರಾತ್ರಿ ಹೊತ್ತು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗುವ ಅಭ್ಯಾಸ ಬಂತು. ಬೆಳಿಗ್ಗೆ ನೋಡಿದರೆ ಚಿತ್ರಾನ್ನದ ಪಾತ್ರೆಯಲ್ಲಿ ಕಡಲೆಬೀಜ ಮಾತ್ರ ಉಳಿದಿರುತ್ತಿತ್ತು. ಅವರ ಹಲ್ಲಿಗೆ ಅದು ಆಗುವುದಿಲ್ಲ.

ರಕ್ತ ಪರೀಕ್ಷೆ ಹತ್ತಿರ ಬಂದರೆ ಮಾವ ಪರೀಕ್ಷೆಗೆ ಓದುವ ಹುಡುಗನಂತಾಗುತ್ತಿದ್ದರು. ಹಿಂದಿನ ಮೂರು ದಿನ ಮಜ್ಜಿಗೆ, ಸೌತೆಕಾಯಿ, ವಾಕಿಂಗ್. ಖಾಲಿ ಹೊಟ್ಟೆಯ ಸಕ್ಕರೆ 118 ಬಂತೆಂದು ಚೀಟಿಯನ್ನು ಎಲ್ಲರಿಗೂ ತೋರಿಸಿದರು. ಡಾಕ್ಟರು ಅದೇ ಚೀಟಿಯಲ್ಲಿ ಕೆಳಗಿದ್ದ ಎಚ್‌ಬಿಎ1ಸಿ ಎಂಬ ಸಾಲಿಗೆ ಪೆನ್ನು ಇಟ್ಟರು. ಅಲ್ಲಿ 8.9 ಇತ್ತು. "ಯಜಮಾನ್ರೇ, ಇದು ಸುಮಾರು ಮೂರು ತಿಂಗಳ ಲೆಕ್ಕ ಹೇಳುತ್ತೆ. ಮೂರು ದಿನದ ಉಪವಾಸಕ್ಕೆ ಬಗ್ಗಲ್ಲ" ಎಂದರು. ಮಾವ ದಾರಿಯುದ್ದಕ್ಕೂ ಆ ಲ್ಯಾಬನ್ನು ಬೈದುಕೊಂಡು ಬಂದರು.

ಅಡುಗೆ ಒಂದೇ ಇರಲಿ, ತಟ್ಟೆ ಮಾತ್ರ ಬೇರೆಯಾಗಲಿ ಎಂದು ನಾನೂ ಅತ್ತೆಯೂ ತೀರ್ಮಾನಿಸಿದ್ದು ಆಮೇಲೆ. ಮೊದಲು ಪ್ರಯೋಗಕ್ಕೆ ಸಿಕ್ಕಿದ್ದು ಬಸ್ಸಾರು. ಹೆಸರುಕಾಳು, ದಂಟಿನ ಸೊಪ್ಪು ಬೇಯಿಸಿ ಕಟ್ಟು ಬಸಿದರೆ ಅದು ಸಾರಾಗುತ್ತದೆ, ಬಸಿದುಳಿದ ಸೊಪ್ಪು ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ನಮ್ಮಲ್ಲಿ ರೂಢಿಯೆಂದರೆ ಎರಡು ಮುದ್ದೆ, ಮೇಲೆ ಅನ್ನ, ಮೂಲೆಯಲ್ಲಿ ದೃಷ್ಟಿಬೊಟ್ಟಿನಷ್ಟು ಪಲ್ಯ. ಮಾವನ ತಟ್ಟೆಯಲ್ಲಿ ಇದನ್ನು ತಿರುವುಮುರುವು ಮಾಡಿದೆವು. ಅರ್ಧ ತಟ್ಟೆ ಸೊಪ್ಪು, ಹುರುಳಿಕಾಯಿ, ಸೌತೆಕಾಯಿ, ಕಾಲು ಭಾಗ ಕಾಳು, ಉಳಿದ ಕಾಲು ಭಾಗದಲ್ಲಿ ಒಂದು ಸಣ್ಣ ಮುದ್ದೆ. ಅನ್ನ ಬೇಕೆಂದರೆ ಮುದ್ದೆ ಅರ್ಧ. ಉಳಿದವರೂ ತಿನ್ನುವುದು ಅದೇ ಸಾರು, ಅದೇ ಒಗ್ಗರಣೆ. ಯಾರ ಬಾಯಿಗೂ ಮೋಸವಿಲ್ಲ.

"ಮುದ್ದೆಗೇ ಕತ್ತರಿಯಾ? ಡಾಕ್ಟರು ಹೇಳಿದ್ದು ಅನ್ನ ಬಿಡು ಅಂತ" ಎಂದು ಮಾವ ವಾದಕ್ಕಿಳಿದರು.

"ಮಾವ, ರಾಗಿಹಿಟ್ಟಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಅಕ್ಕಿಯಲ್ಲಿ ಮುಕ್ಕಾಲು ಪಾಲು. ರಾಗಿಯಲ್ಲಿ ನಾರು ಜಾಸ್ತಿ ಇದೆ ಅನ್ನೋದು ನಿಜ. ಹಾಗಂತ ಎರಡು ದೊಡ್ಡ ಮುದ್ದೆ ಒಳಗೆ ಹೋದ ಮೇಲೆ ರಕ್ತಕ್ಕೆ ಸಕ್ಕರೆ ಆಗದೆ ಇನ್ನೇನಾಗುತ್ತೆ?"

"ನಮ್ಮಪ್ಪ ಮೂರು ಮುದ್ದೆ ಉಣ್ಣುತ್ತಿದ್ದ."

"ನಿಮ್ಮಪ್ಪ ಉಂಡು ನೇಗಿಲು ಹಿಡಿಯೋರು, ನೀವು ರಿಮೋಟ್ ಹಿಡಿಯೋದು" ಎಂದು ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು.

ವಾದ ತೀರದಿದ್ದಾಗ ಗ್ಲುಕೋಮೀಟರು ತಂದೆ. ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಹಿಡಿದು ನೋಡುವುದೆಂದು ಒಪ್ಪಂದವಾಯಿತು. ಎರಡು ಮುದ್ದೆ, ಅನ್ನದ ಊಟಕ್ಕೆ 261. ಮಾರನೆಯ ವಾರ ಅದೇ ಬಸ್ಸಾರಿಗೆ, ಮೊದಲು ಪಲ್ಯ ತಿಂದು ಆಮೇಲೆ ಸಣ್ಣ ಮುದ್ದೆ ಮುರಿದಾಗ 174. ಡಾಕ್ಟರು ಹೇಳಿದ್ದ ಗಡಿ 180. ಮಾವ ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿ, "ಸೆಲ್ ವೀಕಾಗಿರಬೇಕು" ಎಂದರು.

ಮಾವಿನ ಹಣ್ಣಿನ ಕಾಲದಲ್ಲಿ ಒಂದು ಮಧ್ಯಾಹ್ನ ಮೀಟರು 288 ತೋರಿಸಿತು. ಮಾವನ ಬತ್ತಳಿಕೆಯಲ್ಲಿ ಬಾಣ ಸಿದ್ಧವಿತ್ತು. "ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಸುಳ್ಳು ಲೆಕ್ಕ ಬರುತ್ತಂತೆ, ಪೇಪರಲ್ಲಿ ಓದಿದ್ದೀನಿ." ಮಾತೇನೋ ನೂರಕ್ಕೆ ನೂರು ನಿಜ. ಸೋಪು ಹಚ್ಚಿ ಕೈ ತೊಳೆಸಿ, ಒರೆಸಿ, ಇನ್ನೊಂದು ಬೆರಳಿಗೆ ಚುಚ್ಚಿದೆ. 254 ಬಂತು.

"ಯಾವ ಹಣ್ಣಿನ ರಸ ಮಾವ?" ಎಂದೆ.

ಮಾವ ಕಿಟಕಿಯಾಚೆ ಮೋಡ ನೋಡತೊಡಗಿದರು. ಮೊಮ್ಮಗ ಓಡಿಬಂದು ಎರಡು ಓಟೆಗಳನ್ನು ಸಾಕ್ಷಿಯಾಗಿ ಒಪ್ಪಿಸಿದ.

ಸಕ್ಕರೆ ಡಬ್ಬವನ್ನು ಮನೆಯಿಂದಲೇ ಗಡೀಪಾರು ಮಾಡಬೇಕೆಂದು ಅತ್ತೆ ಹಟ ಹಿಡಿದಿದ್ದರು. ನಾನು ಬಿಡಲಿಲ್ಲ. ಮಾವ ನುಂಗುವ ಮಾತ್ರೆಯಲ್ಲಿ ಗ್ಲಿಮಿಪಿರೈಡ್ ಇದೆ. ಅದನ್ನು ನುಂಗಿ ಊಟ ತಡಮಾಡಿದರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ತಟ್ಟೆ ಬದಲಿಸುವ ಮೊದಲು ಡಾಕ್ಟರನ್ನು ಕೇಳಿ ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಂಡಿದ್ದೂ ಅದಕ್ಕೇ. ಆದರೂ ಒಂದು ಏಕಾದಶಿ ಮಾವ ನಮಗೆ ಹೇಳದೆ ಮಾತ್ರೆ ನುಂಗಿ ಉಪವಾಸ ಕೂತರು. ಹನ್ನೊಂದರ ಹೊತ್ತಿಗೆ ಕೈ ನಡುಕ, ಮೈಯೆಲ್ಲ ಬೆವರು, ಮಾತಿನಲ್ಲಿ ವಿನಾಕಾರಣ ಸಿಟ್ಟು. ಸಿಟ್ಟು ದಿನಾ ಇರುವುದರಿಂದ ಗುರುತು ಸಿಕ್ಕಿದ್ದು ಬೆವರಿನಿಂದ. ಮೀಟರು 61 ತೋರಿಸಿತು. ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, 70 ದಾಟಿದ ಮೇಲೆ ಊಟ ಬಡಿಸಿದೆವು. ಏಕಾದಶಿ ಅಲ್ಲಿಗೇ ಪಾರಣೆಯಾಯಿತು.

ಇದರಿಂದ ಮಾವ ಕಲಿತ ಪಾಠವೇ ಬೇರೆ. ಯುಗಾದಿಯ ದಿನ ಹೋಳಿಗೆಯ ಹೆಂಚು ಕಾಯುವ ಹೊತ್ತಿಗೆ ಸರಿಯಾಗಿ ತಲೆ ಹಿಡಿದುಕೊಂಡು, "ಯಾಕೋ ಲೋ ಆದ ಹಾಗಿದೆ ಕಣಮ್ಮಾ" ಎಂದರು. ಮೀಟರು 196 ಎಂದಿತು. ಅವರಿಗಿಂತ ಹೆಚ್ಚು ನಮಗೇ ಪಾಪವೆನಿಸಿತು. ಕೊನೆಗೆ ರಾಜಿಯಾಯಿತು. ಆ ಹೊತ್ತು ಅನ್ನವೂ ಇಲ್ಲ, ಮುದ್ದೆಯೂ ಇಲ್ಲ, ಕೋಸಂಬರಿ, ಪಲ್ಯ ಹೊಟ್ಟೆ ತುಂಬ, ಜೊತೆಗೆ ಒಂದೇ ಒಂದು ಹೋಳಿಗೆ.

ಮುಂದಿನ ಎಚ್‌ಬಿಎ1ಸಿ 7.4 ಬಂತು. ಈಗ ಮಾವ ಈ ವಿದ್ಯೆಯಲ್ಲಿ ಪಂಡಿತರು. ಮೊನ್ನೆ ನೆಂಟರ ಮದುವೆಯಲ್ಲಿ ಪಕ್ಕದ ಎಲೆಯವರಿಗೆ "ಸ್ವಾಮಿ, ಶುಗರ್ ಇರೋದು ಡಬ್ಬದಲ್ಲಲ್ಲ, ಅಳತೇಲಿ. ಪಲ್ಯ ಮೊದಲು ತಿನ್ನಿ, ಅನ್ನ ಕೈಬಿಡಿ" ಎಂದು ಉಪದೇಶಿಸುತ್ತಿದ್ದರು. ಆ ಬಡಪಾಯಿ ಭಕ್ತಿಯಿಂದ ಅನ್ನ, ಜಿಲೇಬಿ ಎರಡನ್ನೂ ಬೇಡವೆಂದರು. ಬಡಿಸುವವನ ಸೌಟಿನಲ್ಲಿ ಉಳಿದ ಜಿಲೇಬಿಯನ್ನು ನೋಡಿದ ಮಾವ, "ಅವರ ಪಾಲಿಂದು ಇಲ್ಲಿ ಹಾಕಪ್ಪಾ, ಅನ್ನಪೂರ್ಣೇಶ್ವರಿನ ವಾಪಸ್ ಕಳಿಸಬಾರದು" ಎಂದರು.